ಟಿಕೆಟ್ಟಿಗೆ ಬಾಲ ಬೆಳೆದ ಬಗೆ

ಹೈದರಾಬಾದಿನ ಮಲ್ಟಿಪ್ಲೆಕ್ಸಿನಲ್ಲಿ 295 ರೂಪಾಯಿ ಎಂಬ ಟಿಕೆಟ್ ದರ ಕಂಡವರಿಗೆ ಸಣ್ಣದೊಂದು ಅನುಮಾನ ಬರುತ್ತದೆ. ಮುನ್ನೂರು ಎಂದೇ ಇಡಬಹುದಿತ್ತಲ್ಲ? ಇಡುವಂತಿಲ್ಲ. 2021ರ ಡಿಸೆಂಬರಿನಲ್ಲಿ ತೆಲಂಗಾಣ ಸರ್ಕಾರ ಅಲ್ಲಿನ ಮಲ್ಟಿಪ್ಲೆಕ್ಸುಗಳಿಗೆ ಗೊತ್ತುಮಾಡಿದ ಗರಿಷ್ಠ ದರ 250 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ, ಅಂದರೆ 45. ಸಿನಿಮಾ ಟಿಕೆಟ್ಟಿನ ಬೆಲೆಯಲ್ಲಿ ಸರ್ಕಾರದ ಪಾಲು ಎಷ್ಟು, ಮಂದಿರದ್ದು ಎಷ್ಟು ಎಂಬುದು ಇಷ್ಟು ನಿಚ್ಚಳವಾಗಿ ಕಾಣುವುದು ಅಪರೂಪ. ಮೊಬೈಲಿನಲ್ಲಿ ಹತ್ತು ಸೀಟು ಕಾದಿರಿಸುವವರ ಬಿಲ್ಲಿನಲ್ಲಂತೂ ಟಿಕೆಟ್ ಎಂಬುದು ಹಲವು ಸಾಲುಗಳಲ್ಲಿ ಒಂದು ಸಾಲು ಮಾತ್ರ.

ತೆರಿಗೆಯ ಸಾಲು ಎಲ್ಲಕ್ಕಿಂತ ಹಳೆಯದು. ಬಂಗಾಳದಲ್ಲಿ 1922ರಲ್ಲಿ, ಮುಂಬೈ ಪ್ರಾಂತ್ಯದಲ್ಲಿ 1923ರಲ್ಲಿ ಮನರಂಜನಾ ತೆರಿಗೆಯ ಕಾನೂನು ಬಂತು. ನಮ್ಮದು 1958ರ ಕಾಯ್ದೆ. ಆಗೆಲ್ಲ ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೆ ಒಂದೊಂದು ದರ್ಜೆಗೆ ಒಂದೊಂದು ದರ, ಒಂದೊಂದು ಕ್ಯೂ. ಬೆಂಗಳೂರಿನಲ್ಲಿ ಕನ್ನಡ ಚಿತ್ರಕ್ಕೆ ತೆರಿಗೆ ಇರಲಿಲ್ಲ, ಪರಭಾಷೆಯ ಚಿತ್ರಕ್ಕೆ ಶೇ 30ರಷ್ಟು ಬೀಳುತ್ತಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಈ ಭೇದ ಅಳಿಸಿಹೋಯಿತು. ನೂರು ರೂಪಾಯಿವರೆಗಿನ ಟಿಕೆಟ್ಟಿಗೆ ಶೇ 18, ಅದಕ್ಕಿಂತ ಮೇಲಿನದಕ್ಕೆ ಶೇ 28. 2019ರ ಜನವರಿಯಿಂದ ಅವು 12 ಮತ್ತು 18 ಆದವು. 2025ರ ಸೆಪ್ಟೆಂಬರ್ 22ರಿಂದ ಕೆಳಗಿನ ದರ ಶೇ 5ಕ್ಕೆ ಇಳಿಯಿತು, ಮೇಲಿನದು 18ರಲ್ಲೇ ಉಳಿಯಿತು.

ಈ ನೂರು ರೂಪಾಯಿಯ ಗೆರೆಯನ್ನು ಸ್ವಲ್ಪ ನಿಂತು ನೋಡಬೇಕು. ಮೂಲ ದರ ಸರಿಯಾಗಿ 100 ಆದರೆ ಪ್ರೇಕ್ಷಕ ಕೊಡುವುದು 105. ಮಂದಿರದವರು ಒಂದೇ ರೂಪಾಯಿ ಏರಿಸಿ 101 ಮಾಡಿದರೆ ಕೊಡಬೇಕಾದದ್ದು 119 ರೂಪಾಯಿ 18 ಪೈಸೆ. ಗೆರೆ ದಾಟಿದ ಆ ಒಂದು ರೂಪಾಯಿಗೆ ಮಾತ್ರವಲ್ಲ, ಇಡೀ ಮೊತ್ತಕ್ಕೆ ಹೊಸ ದರ ಬೀಳುತ್ತದೆ. ಆದಾಯ ತೆರಿಗೆಯ ಹಾಗೆ ಹಂತಹಂತವಾಗಿ ಏರುವ ಲೆಕ್ಕ ಇದಲ್ಲ. ಹಾಗಾಗಿ 101ರಿಂದ 115ರ ನಡುವಿನ ದರ ಇಡುವುದರಲ್ಲಿ ಯಾರಿಗೂ ಅಷ್ಟಾಗಿ ಲಾಭವಿಲ್ಲ. ಒಂದೇ ಗುಂಪು ಬೇರೆ ಬೇರೆ ದರ್ಜೆಯ ಸೀಟು ತೆಗೆದುಕೊಂಡರೆ ಒಂದೊಂದು ಟಿಕೆಟ್ಟಿಗೂ ಅದರದೇ ದರ, ಅದರದೇ ತೆರಿಗೆ. ಗುಂಪಿನ ಒಟ್ಟು ಮೊತ್ತ ನೋಡಿ ತೆರಿಗೆ ಹಾಕುವುದಿಲ್ಲ.

ಇನ್ನು ಕನ್ವೀನಿಯನ್ಸ್ ಶುಲ್ಕ. ಕ್ಯೂ ತಪ್ಪಿಸುವ ಅನುಕೂಲಕ್ಕೆಂದು ಆನ್‌ಲೈನ್ ಬುಕಿಂಗಿನ ಜೊತೆಗೇ ಬಂದದ್ದು ಇದು. ಶುರುವಿನಲ್ಲಿ ಕಾರ್ಡ್ ಪಾವತಿಗೆ ಬ್ಯಾಂಕು ಹಿಡಿಯುವ ಹಣ, ಸರ್ವರ್ ಖರ್ಚು ಎಂಬ ಸಮರ್ಥನೆ ಇತ್ತು, ಅದರಲ್ಲಿ ಹುರುಳೂ ಇತ್ತು. ಆದರೆ 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಬ್ಯಾಂಕು ಶುಲ್ಕ ಪಡೆಯುವಂತಿಲ್ಲ. ಕನ್ವೀನಿಯನ್ಸ್ ಶುಲ್ಕ ಮಾತ್ರ ಇಳಿಯಲಿಲ್ಲ. ಇನ್ನೊಂದು ಮಾತು. ಒಬ್ಬರು ಒಮ್ಮೆಗೆ ಹತ್ತು ಸೀಟು ಕಾದಿರಿಸಿದರೆ ಪಾವತಿ ಒಂದೇ, ಎಸ್‌ಎಂಎಸ್ ಒಂದೇ, ಕ್ಯೂಆರ್ ಕೋಡೂ ಒಂದೇ. ಶುಲ್ಕ ಮಾತ್ರ ಹತ್ತು ಸಲ. ನನಗೆ ಇಂದಿಗೂ ಒಪ್ಪಿಗೆಯಾಗದ್ದು ಇದೇ.

ಮಹಾರಾಷ್ಟ್ರ ಸರ್ಕಾರ 2013 ಮತ್ತು 2014ರ ಆದೇಶಗಳಲ್ಲಿ ಈ ಶುಲ್ಕವನ್ನು ನಿಷೇಧಿಸಿತ್ತು. 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶಗಳನ್ನು ರದ್ದು ಮಾಡಿತು. ವ್ಯಾಪಾರ ನಡೆಸುವವನ ಹಕ್ಕನ್ನು ಕಾನೂನಿನ ಬಲವಿಲ್ಲದ ಆದೇಶದಿಂದ ಕಟ್ಟಿಹಾಕಲಾಗದು, ಬೇಡವಾದವರಿಗೆ ಕೌಂಟರ್ ಇದ್ದೇ ಇದೆ ಎಂಬುದು ತೀರ್ಪಿನ ಸಾರ.

ಶುಲ್ಕವೂ ಪಾಪ್‌ಕಾರ್ನೂ ಇಷ್ಟು ಬೆಳೆಯಲು ಕಾರಣ ಟಿಕೆಟ್ ಹಣದ ಹಂಚಿಕೆಯಲ್ಲಿದೆ. ನಮ್ಮ ಒಂಟಿ ಪರದೆಯ ಚಿತ್ರಮಂದಿರಗಳಲ್ಲಿ ವಾರದ ಬಾಡಿಗೆಯ ಪದ್ಧತಿ ಹೆಚ್ಚು. ಮಲ್ಟಿಪ್ಲೆಕ್ಸಿನಲ್ಲಿ ಶೇಕಡಾವಾರು ಲೆಕ್ಕ: ತೆರಿಗೆ ಕಳೆದ ಟಿಕೆಟ್ ಹಣದಲ್ಲಿ ಮೊದಲ ವಾರ ಸುಮಾರು ಅರ್ಧ ವಿತರಕರಿಗೆ ಹೋಗುತ್ತದೆ, ಮುಂದಿನ ವಾರಗಳಲ್ಲಿ ಅವರ ಪಾಲು ಇಳಿಯುತ್ತದೆ. ಪಾಪ್‌ಕಾರ್ನಿನಲ್ಲಿ ವಿತರಕರಿಗೆ ಒಂದು ಕಾಳೂ ಇಲ್ಲ. ಹಾಗಿರುವಾಗ ಮಂದಿರದವರು ಟಿಕೆಟ್ಟಿಗೆ ಐವತ್ತು ಏರಿಸುವುದಕ್ಕಿಂತ ತಿಂಡಿಯಲ್ಲಿ ಐವತ್ತು ದುಡಿಯುವುದೇ ಲೇಸು ಎಂದುಕೊಂಡರೆ ಅಚ್ಚರಿಯೇನು? ಹೊರಗಿನ ತಿಂಡಿ ತರಬಾರದೆಂದು ಮಂದಿರದವರು ಹೇಳಬಹುದು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿತು.

ಕಾಂಬೊ ಕೊಡುಗೆಯ ತೆರಿಗೆಯಲ್ಲಿ ಒಂದು ಸೂಕ್ಷ್ಮವಿದೆ. 2023ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿ ಕೊಟ್ಟ ಸ್ಪಷ್ಟನೆಯಂತೆ, ಮಂದಿರದೊಳಗಿನ ತಿಂಡಿಯನ್ನು ಟಿಕೆಟ್ಟಿನಿಂದ ಬೇರೆಯಾಗಿ ಮಾರಿದರೆ ಹೋಟೆಲಿನ ಊಟದಂತೆ ಶೇ 5. ಟಿಕೆಟ್ಟಿನೊಂದಿಗೆ ಕಟ್ಟಿ ಒಂದೇ ಬೆಲೆಗೆ ಮಾರಿದರೆ ಟಿಕೆಟ್ಟಿನ ದರವೇ ತಿಂಡಿಗೂ ಬೀಳುತ್ತದೆ. ಆಪ್‌ಗಳು ಸೀಟು ಆರಿಸಿದ ಮೇಲೆ ಪ್ರತ್ಯೇಕ ಪುಟದಲ್ಲಿ ತಿಂಡಿ ತೋರಿಸುವುದು ಹಸಿವಿನ ಹೊತ್ತು ನೋಡಿಕೊಂಡು ಮಾತ್ರವಲ್ಲ, ಹೀಗೆ ಬೇರೆ ಇಟ್ಟರೆ ತೆರಿಗೆಯೂ ಕಡಿಮೆ.

ಹತ್ತು ಜನರ ಲೆಕ್ಕವನ್ನೊಮ್ಮೆ ಮಾಡಿ ನೋಡೋಣ. ಆರು ಜನ 200 ರೂಪಾಯಿಯ ಸೀಟು, ಪರದೆಯ ಹತ್ತಿರ ಕೂರಲು ಅಡ್ಡಿಯಿಲ್ಲ ಎಂದ ನಾಲ್ಕು ಹುಡುಗರು 100 ರೂಪಾಯಿಯ ಮುಂದಿನ ಸಾಲು. ಮೊದಲನೆಯದು 1,200, ತೆರಿಗೆ 216. ಎರಡನೆಯದು 400, ತೆರಿಗೆ 20. ಅಲ್ಲಿಗೆ 1,836. ಟಿಕೆಟ್ಟಿಗೆ 25ರಂತೆ ಶುಲ್ಕ 250. ಅದು ಬೇರೆಯೇ ಸೇವೆಯಾದ್ದರಿಂದ ಯಾವ ಸೀಟಾದರೂ ಶೇ 18ರಂತೆ 45 ತೆರಿಗೆ, ಒಟ್ಟು 295. ಇಬ್ಬರಿಗೊಂದರಂತೆ 400 ರೂಪಾಯಿಯ ಐದು ಕಾಂಬೊ 2,000, ತೆರಿಗೆ 100. ಎಲ್ಲ ಸೇರಿ 4,231. ಮೂಲ ಟಿಕೆಟ್ ಹಣ ಇದರಲ್ಲಿ 1,600 ಮಾತ್ರ.

ಇದನ್ನು ಹತ್ತು ಸಮಪಾಲು ಮಾಡಿ ವಾಟ್ಸಾಪ್ ಗುಂಪಿಗೆ ಹಾಕುವವರೇ ಹೆಚ್ಚು. ತಿಂಡಿ ಬಿಟ್ಟು ನೋಡಿದರೆ ತಲೆಗೆ 213 ರೂಪಾಯಿ 10 ಪೈಸೆ. ಆದರೆ ಮುಂದಿನ ಸಾಲಿನವನು ನಿಜಕ್ಕೂ ಕೊಡಬೇಕಾದದ್ದು ಟಿಕೆಟ್ಟಿನ 105, ಶುಲ್ಕದ 29 ರೂಪಾಯಿ 50 ಪೈಸೆ, ಸೇರಿ 134 ರೂಪಾಯಿ 50 ಪೈಸೆ. ಹಿಂದಿನವನದು 265 ರೂಪಾಯಿ 50 ಪೈಸೆ. ಅಗ್ಗದ ಸೀಟಿಗೆ ತೆರಿಗೆ ಐದೇ ರೂಪಾಯಿ, ಶುಲ್ಕ ಅದರ ಸುಮಾರು ಆರು ಪಟ್ಟು.

ಕಾಂಬೊ ಕೊಡುಗೆಗೂ ಹೀಗೇ ಕಣ್ಣು ಬೇಕು. ಬಿಡಿಯಾಗಿ ಪಾಪ್‌ಕಾರ್ನ್ 280, ತಂಪು ಪಾನೀಯ ಎರಡಕ್ಕೆ 260 ಎಂದು ಹಾಕಿ, ಜೋಡಿ 400ಕ್ಕೆ ಎಂದರೆ 140 ಉಳಿತಾಯ. ಪಾನೀಯ ಬೇಡವಾಗಿದ್ದವನಿಗೆ ಅದು 120 ರೂಪಾಯಿಯ ಹೆಚ್ಚುವರಿ ಖರ್ಚು. ಹಣ ಪಾವತಿಸುವ ಮುನ್ನ ಒಟ್ಟು ಮೊತ್ತದ ಪಕ್ಕದ ಬಾಣದ ಗುರುತನ್ನು ಒತ್ತಿ ವಿಂಗಡಣೆ ತೆರೆದು ನೋಡಿ. ಕೇಳದೆ ಸೇರಿಸಿದ ದೇಣಿಗೆಯೋ ವಿಮೆಯೋ ಅಲ್ಲಿ ಸಿಗುತ್ತದೆ. ಹೀಗೆ ಬುಟ್ಟಿಗೆ ಗುಟ್ಟಾಗಿ ತುರುಕುವುದನ್ನು 2023ರ ನವೆಂಬರಿನ ಕೇಂದ್ರ ಮಾರ್ಗಸೂಚಿ ನಿಷೇಧಿಸಿದೆ. ಟಿಕೆಟ್ ರದ್ದು ಮಾಡಿದರೆ ಶುಲ್ಕ ಸಾಮಾನ್ಯವಾಗಿ ಹಿಂದೆ ಬರುವುದಿಲ್ಲ ಎಂಬ ಸಾಲೂ ಅಲ್ಲೇ ಸಣ್ಣಕ್ಷರದಲ್ಲಿರುತ್ತದೆ.

ಕರ್ನಾಟಕ ಸರ್ಕಾರ 2025ರ ಸೆಪ್ಟೆಂಬರ್ 12ರಂದು ತೆರಿಗೆ ಬಿಟ್ಟು 200 ರೂಪಾಯಿ ಮೀರದಂತೆ ಟಿಕೆಟ್ ದರಕ್ಕೆ ಮಿತಿ ಹಾಕಿತು. 75 ಅಥವಾ ಅದಕ್ಕೂ ಕಡಿಮೆ ಸೀಟಿನ ವಿಶೇಷ ಪರದೆಗಳಿಗೆ ವಿನಾಯಿತಿ ಕೊಟ್ಟಿತು. ಅದೇ ತಿಂಗಳ 23ರಂದು ಹೈಕೋರ್ಟ್ ತಡೆ ನೀಡಿತು. ತಡೆ ಇಲ್ಲದಿದ್ದರೂ ಈ ಹತ್ತು ಜನರ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಇಳಿಯುತ್ತಿರಲಿಲ್ಲ. ಅವರ ಅತಿ ದುಬಾರಿ ಟಿಕೆಟ್ 200 ರೂಪಾಯಿಯದು. ಶುಲ್ಕವೂ ತಿಂಡಿಯೂ ಆ ನಿಯಮದ ವ್ಯಾಪ್ತಿಯಲ್ಲೇ ಇಲ್ಲ.