ಶ್ರವಣಯಂತ್ರ ತೊಡಲೊಲ್ಲದ ಮಗು: ಕಿರುಕುಳದ ಗುರುತು ಮತ್ತು ದೂರಿನ ದಾರಿ

ವಿಶೇಷ ಅಗತ್ಯವುಳ್ಳ ಮಗುವಿಗೆ ಸಹಪಾಠಿಗಳು ಕೊಡುವ ಕಿರುಕುಳ ಶಿಕ್ಷಕರ ಕಣ್ಣಿಗೆ ಬೀಳದಿರಲು ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು, ಕಿರುಕುಳದಿಂದ ಮಗುವಿನಲ್ಲಾದ ಬದಲಾವಣೆಯನ್ನು ಅದರ ನ್ಯೂನತೆಯ ಲಕ್ಷಣವೆಂದೇ ತಿಳಿಯುವುದು. ಎರಡನೆಯದು, ಶಾಲೆಯ ದೂರಿನ ವ್ಯವಸ್ಥೆ ಸಲೀಸಾಗಿ ಮಾತನಾಡುವ, ಬರೆಯುವ ಮಕ್ಕಳಿಗಷ್ಟೇ ಒದಗುವಂತಿರುವುದು. ಒಂದು ಉದಾಹರಣೆಯಿಂದ ಇದನ್ನು ನೋಡೋಣ.

ಆರನೆಯ ತರಗತಿಯಲ್ಲಿ ಕಿವಿಯ ಹಿಂದೆ ಶ್ರವಣಯಂತ್ರ ತೊಡುವ ಹುಡುಗನೊಬ್ಬನಿದ್ದಾನೆಂದು ಇಟ್ಟುಕೊಳ್ಳಿ. ಜೂನ್ ತಿಂಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ಉತ್ತರ ಹೇಳುತ್ತಿದ್ದವನು ಆಗಸ್ಟ್ ಹೊತ್ತಿಗೆ ಸುಮ್ಮನಾಗಿದ್ದಾನೆ. ಯಂತ್ರವನ್ನು ಮನೆಯಲ್ಲೇ ಬಿಟ್ಟು ಬರುತ್ತಾನೆ. ತಂದ ದಿನ ಅದರಲ್ಲಿ ಸೆಲ್ ಇರುವುದಿಲ್ಲ. ತರಗತಿಯಲ್ಲಿ ಆಗಾಗ ಅದು 'ಕುಂಯ್' ಎಂದು ಸದ್ದು ಮಾಡುತ್ತದೆ. ಕಿವಿ ಕೇಳಿಸದ ಮಗು ಮಂಕಾಗಿರುವುದು ಸಹಜವೆಂದು ಶಿಕ್ಷಕರು ಭಾವಿಸುತ್ತಾರೆ. ಸದ್ದಾದಾಗ ಅವನನ್ನೇ ಗದರುತ್ತಾರೆ.

ಆದರೆ ಅವನ ಶ್ರವಣದೋಷ ಜೂನ್‌ನಲ್ಲಿಯೂ ಇತ್ತು. ಬದಲಾದದ್ದು ಬೇರೆ ಏನೋ ಇರಬೇಕು. ಶ್ರವಣಯಂತ್ರದ ಗುಂಡಿ ಸೆಲ್ ಸಾಮಾನ್ಯವಾಗಿ ಒಂದೆರಡು ವಾರ ಬಾಳುತ್ತದೆ. ಎರಡು ದಿನಕ್ಕೊಮ್ಮೆ ಕಾಣೆಯಾದರೆ ಯಾರಾದರೂ ತೆಗೆಯುತ್ತಿರಬಹುದು. ಯಂತ್ರಕ್ಕೆ ಅಂಗೈ ಅಡ್ಡ ಹಿಡಿದರೆ ಅದು ಕುಂಯ್‌ಗುಟ್ಟುತ್ತದೆ. ಹಿಂದಿನ ಬೆಂಚಿನವರಿಗೆ ಇದೊಂದು ಆಟ. ಕಿವಿಯ ಅಚ್ಚು ಸಡಿಲವಾದರೂ ಹೀಗಾಗುತ್ತದೆ. ಆದ್ದರಿಂದ ಮೊದಲು ಪೋಷಕರ ಮೂಲಕ ಯಂತ್ರವನ್ನು ಪರೀಕ್ಷಿಸಿ, ನಂತರ ಸದ್ದು ಯಾವ ಅವಧಿಯಲ್ಲಿ, ಪಕ್ಕದಲ್ಲಿ ಯಾರಿದ್ದಾಗ ಬರುತ್ತದೆಂದು ಒಂದು ವಾರ ಗುರುತು ಹಾಕಿಕೊಳ್ಳಬೇಕು. ಬಿಸಿಯೂಟಕ್ಕೆ ಕೊನೆಯಲ್ಲಿ ಬರುವುದು, ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರು ಕುಡಿಯದಿರುವುದು ಕೂಡ ಗಮನಿಸಬೇಕಾದ ಗುರುತುಗಳೇ. ಮಗುವಿನ ಹಿಂದಿನ ನಡವಳಿಕೆಯೇ ಇಲ್ಲಿ ಅಳತೆಗೋಲು.

ಅನುಮಾನ ಬಂದಾಗ ಮಗುವನ್ನು ತರಗತಿಯ ಮುಂದೆ ನಿಲ್ಲಿಸಿ ಕೇಳಬಾರದು. ಗದ್ದಲವಿಲ್ಲದ, ಬೆಳಕಿರುವ ಜಾಗದಲ್ಲಿ, ನಮ್ಮ ತುಟಿ ಅವನಿಗೆ ಕಾಣುವಂತೆ ಎದುರು ಕುಳಿತು ಮಾತನಾಡಬೇಕು. "ಅವನು ಹೊಡೆದನೇ?" ಎಂದು ಉತ್ತರವನ್ನು ನಾವೇ ಬಾಯಿಗೆ ಹಾಕದೆ, "ಊಟದ ಹೊತ್ತಿನಲ್ಲಿ ಏನಾಗುತ್ತದೆ, ತೋರಿಸು" ಎನ್ನಬಹುದು. ಶಾಲೆಯ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರೂ ಸಾಕು. ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದುಕೊಳ್ಳಬೇಕು. ಕಿರುಕುಳ ಕೊಟ್ಟವರನ್ನು ಒಬ್ಬೊಬ್ಬರನ್ನಾಗಿ ಬೇರೆ ವೇಳೆಯಲ್ಲಿ ವಿಚಾರಿಸಬೇಕು. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈ ಕುಲುಕಿಸಿದರೆ ವಿಷಯ ಮುಗಿಯುವುದಿಲ್ಲ; ಅದು ಶಿಕ್ಷಕರಿಲ್ಲದ ಜಾಗಕ್ಕೆ ಹೋಗುತ್ತದೆ. ಆಸನ ಬದಲಿಸಬೇಕಾದರೆ ಕಿರುಕುಳ ಕೊಟ್ಟವರದನ್ನು ಬದಲಿಸಬೇಕು. ಕೇಳಿಸಲೆಂದು ಮುಂದೆ ಕುಳಿತ ಮಗುವನ್ನು ಅಲ್ಲಿಂದ ಎಬ್ಬಿಸಿದರೆ ಅವನಿಗೆ ಎರಡನೆಯ ಬಾರಿ ನಷ್ಟ.

ಇನ್ನು ದೂರಿನ ವ್ಯವಸ್ಥೆ. ಗೋಡೆಗೆ ನೇತುಹಾಕಿದ ದೂರು ಪೆಟ್ಟಿಗೆ ಬರೆಯಲಾಗದ ಮಗುವಿಗೆ, ಗಾಲಿಕುರ್ಚಿಯಲ್ಲಿ ಕುಳಿತ ಮಗುವಿಗೆ, ಅದು ಎಲ್ಲಿದೆಯೆಂದು ಕಾಣದ ಮಗುವಿಗೆ ಇದ್ದೂ ಇಲ್ಲದಂತೆ. ಪೆಟ್ಟಿಗೆಯನ್ನು ಕುಳಿತವರ ಕೈಗೆ ಎಟುಕುವ ಎತ್ತರದಲ್ಲಿಟ್ಟು, ಪಕ್ಕದಲ್ಲಿ ಚಿತ್ರದ ಚೀಟಿಗಳನ್ನು ಇಡಬಹುದು: ಮೈದಾನ, ಶೌಚಾಲಯ, ಊಟದ ಜಾಗ, ಅಳುವ ಮುಖ. ಇದರ ಜೊತೆಗೆ ಪ್ರತಿ ಮಗುವೂ ತಾನೇ ಆರಿಸಿಕೊಂಡ ಇಬ್ಬರು ದೊಡ್ಡವರು ಶಾಲೆಯಲ್ಲಿರಬೇಕು. ಅವರಲ್ಲೊಬ್ಬರು ಅಡುಗೆಯವರಾದರೂ ಅಡ್ಡಿಯಿಲ್ಲ. ಒಬ್ಬರೇ ಇದ್ದರೆ ಅವರು ರಜೆ ಹಾಕಿದ ದಿನ ಬಾಗಿಲು ಮುಚ್ಚಿದಂತೆ. ಸಂಜ್ಞೆಯಿಂದ ಮಾತನಾಡುವ ಮಗುವಿಗೆ 'ನೋವು', 'ಹೆದರಿಕೆ', 'ಬೇಡ' ಎಂಬ ಸಂಜ್ಞೆಗಳು ಬರುತ್ತವೆಯೇ ಎಂದು ಬಿ.ಐ.ಇ.ಆರ್.ಟಿ. ಶಿಕ್ಷಕರ ನೆರವಿನಿಂದ ನೋಡಿಕೊಳ್ಳಬೇಕು.

ಬಂದ ದೂರನ್ನು ವಹಿಯಲ್ಲಿ ದಾಖಲಿಸಬೇಕು: ದಿನಾಂಕ, ಜಾಗ, ಮಗು ಹೇಳಿದ ಮಾತು, ಕೈಗೊಂಡ ಕ್ರಮ, ಮತ್ತೆ ವಿಚಾರಿಸುವ ದಿನ. ಹೆಚ್ಚಾಗಿ ಖಾಲಿ ಉಳಿಯುವುದು ಕೊನೆಯ ಅಂಕಣ. ಒಂದು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಮಗುವನ್ನು ಮತ್ತೆ ಕೇಳಿದಾಗಲೇ ಕ್ರಮ ಫಲಿಸಿತೇ ಎಂಬುದು ತಿಳಿಯುತ್ತದೆ. ಒಂದೇ ಜಾಗ ಮೂರು ಸಲ ದಾಖಲಾಗಿದ್ದರೆ ಆ ಹೊತ್ತಿಗೆ ಅಲ್ಲಿ ಒಬ್ಬ ಶಿಕ್ಷಕರು ನಿಲ್ಲಬೇಕೆಂದು ಅರ್ಥ.

ಎಲ್ಲವನ್ನೂ ಶಾಲೆಯೊಳಗೇ ಬಗೆಹರಿಸುವಂತಿಲ್ಲ. ಲೈಂಗಿಕ ಸ್ವರೂಪದ ಕೃತ್ಯವಾಗಿದ್ದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿದೂ ಮುಚ್ಚಿಡುವುದು ಅಪರಾಧ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಮಕ್ಕಳಿಗೆ ಕಾಣುವಲ್ಲಿ ಬರೆದಿರಬೇಕು.

ಬೋಧನಾಭ್ಯಾಸಕ್ಕೆ ಹೋದ ಪ್ರಶಿಕ್ಷಣಾರ್ಥಿಗೆ ಮಕ್ಕಳು ಬೇಗ ಮನಸ್ಸು ಬಿಚ್ಚುತ್ತಾರೆ. ಆಗ "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬಾರದು. "ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ" ಎಂದು ತಿಳಿಸಿ, ಅಂದೇ ಮಾರ್ಗದರ್ಶಕ ಶಿಕ್ಷಕರಿಗೂ ಮುಖ್ಯೋಪಾಧ್ಯಾಯರಿಗೂ ಬರಹದಲ್ಲಿ ಕೊಡಬೇಕು. ಕೆಲವು ವಾರಗಳ ನಂತರ ಪ್ರಶಿಕ್ಷಣಾರ್ಥಿ ಆ ಶಾಲೆ ಬಿಡುತ್ತಾರೆ, ಮಗು ಅಲ್ಲೇ ಉಳಿಯುತ್ತದೆ. ಹೊರಡುವ ಮುನ್ನ ಆ ಮಗುವಿನ ಇಬ್ಬರು ದೊಡ್ಡವರು ಯಾರೆಂಬುದು ವಹಿಯಲ್ಲಿ ಬರೆದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.