ಹಳದಿ, ನೀಲಿ ಸೇರಿದರೆ ಹಸಿರಾ?

ಹಳದಿ, ನೀಲಿ ಚುಕ್ಕಿಗಳನ್ನ ಪಕ್ಕಪಕ್ಕ ಇಟ್ಟರೆ ದೂರದಿಂದ ಹಸಿರು ಕಾಣುತ್ತೆ ಅಂತ ನಾನೂ ನಂಬಿದ್ದೆ. ಸ್ಕೆಚ್ ಪೆನ್ನಲ್ಲಿ ಒತ್ತೊತ್ತಾಗಿ ಚುಕ್ಕಿ ಇಟ್ಟು, ಹಾಳೆಯನ್ನು ಗೋಡೆಗೆ ಅಂಟಿಸಿ ಹಿಂದೆ ಸರಿದು ನೋಡಿದೆ. ಕಂಡದ್ದು ಬೂದು! ಬಣ್ಣ ಕಲಸಿದಾಗ ಒಂದು ಇನ್ನೊಂದರ ಬೆಳಕನ್ನು ನುಂಗಿ ಹಸಿರಷ್ಟೇ ಉಳಿಯುತ್ತೆ. ಚುಕ್ಕಿಗಳಲ್ಲಿ ಎರಡರ ಬೆಳಕೂ ಕಣ್ಣಿಗೆ ಬಂದು ಸರಾಸರಿಯಾಗುತ್ತೆ.

ಫ್ರಾನ್ಸಿನ ಜಾರ್ಜ್ ಸೂರಾ 1884ರಲ್ಲಿ ಶುರು ಮಾಡಿದ ‘ಗ್ರಾಂಡ್ ಜಾಟ್’ ಚಿತ್ರದಲ್ಲಿ ಹುಲ್ಲಿಗೆ ಹಸಿರು ಬಣ್ಣವನ್ನೇ ಬಳಿದ. ಬಿಸಿಲು ಕಾಣಲೆಂದು ಅದರ ಮೇಲೆ ಹಳದಿ, ಕಿತ್ತಳೆ ಚುಕ್ಕಿ ಇಟ್ಟ. ಪಾಪ, ಆ ಜಿಂಕ್ ಹಳದಿ ಕೆಲವೇ ವರ್ಷಗಳಲ್ಲಿ ಕಂದುಬಣ್ಣಕ್ಕೆ ತಿರುಗಿತು. ಷಿಕಾಗೊದಲ್ಲಿರುವ ಆ ಚಿತ್ರವನ್ನು ಫೋನಲ್ಲಿ ಹಿಗ್ಗಿಸಿ ನೋಡಿ: ಬಿಸಿಲು ಬಿದ್ದ ಹುಲ್ಲಲ್ಲಿ ಮಣ್ಣಿನ ಬಣ್ಣದ ಚುಕ್ಕಿಗಳು ಸಿಗುತ್ತವೆ.