ವ್ಯವಸ್ಥಾಪನಾ ಕರಾರಿನ ಮುಕ್ತಾಯ (ಕಲೆ ಮತ್ತು ಕ್ರೀಡೆ)

ವ್ಯವಸ್ಥಾಪನಾ ಕರಾರಿನ ಮುಕ್ತಾಯ ಎಂದರೆ ಕಲಾವಿದ ಅಥವಾ ಕ್ರೀಡಾಪಟು ತನ್ನ ವ್ಯಾವಹಾರಿಕ ಹಿತಾಸಕ್ತಿಗಳನ್ನು ನೋಡಿಕೊಳ್ಳುವ ವ್ಯವಸ್ಥಾಪಕನೊಂದಿಗೆ (ಮ್ಯಾನೇಜರ್) ಮಾಡಿಕೊಂಡ ಕರಾರನ್ನು ಅವಧಿ ಮುಗಿದಾಗ ಅಥವಾ ಅದಕ್ಕೂ ಮುನ್ನ ಕೊನೆಗೊಳಿಸುವುದು. ಕರಾರು ಮುಗಿದಾಗ ವ್ಯವಸ್ಥಾಪಕನ ಅಧಿಕಾರ ನಿಲ್ಲುತ್ತದೆ. ಆದರೆ ಅವನು ಮೊದಲೇ ಕುದುರಿಸಿದ ವ್ಯವಹಾರಗಳಿಂದ ಮುಂದೆ ಬರುವ ಹಣದಲ್ಲಿ ಅವನ ಕಮಿಷನ್ ತಾನಾಗಿ ನಿಲ್ಲುವುದಿಲ್ಲ. ಈ ಕ್ಷೇತ್ರದ ಬಹುಪಾಲು ವಿವಾದಗಳು ಇಲ್ಲಿಂದಲೇ ಹುಟ್ಟುತ್ತವೆ. ಈ ಲೇಖನವು ಭಾರತದ ಕಾನೂನಿನ ಹಿನ್ನೆಲೆಯಲ್ಲಿ ವಿಷಯವನ್ನು ವಿವರಿಸುತ್ತದೆ.

## ಕಾನೂನಿನ ಹಿನ್ನೆಲೆ

ವ್ಯವಸ್ಥಾಪಕನು ಕಲಾವಿದನ ಪರವಾಗಿ ಮೂರನೆಯವರೊಂದಿಗೆ ವ್ಯವಹರಿಸುವ ಅಧಿಕಾರ ಹೊಂದಿದ್ದರೆ ಅವನು ಕಾನೂನಿನ ದೃಷ್ಟಿಯಲ್ಲಿ ಪ್ರತಿನಿಧಿ (ಏಜೆಂಟ್). ಆಗ ಭಾರತೀಯ ಒಪ್ಪಂದ ಕಾಯ್ದೆ, 1872ರ ಪ್ರಾತಿನಿಧ್ಯಕ್ಕೆ ಸಂಬಂಧಿಸಿದ ಅಧ್ಯಾಯವು ಅವರ ಸಂಬಂಧಕ್ಕೆ ಅನ್ವಯಿಸುತ್ತದೆ. 201ನೇ ಕಲಮಿನ ಪ್ರಕಾರ, ನೇಮಿಸಿದವನು ಅಧಿಕಾರವನ್ನು ಹಿಂಪಡೆದರೆ ಅಥವಾ ಪ್ರತಿನಿಧಿಯೇ ಕೆಲಸವನ್ನು ತ್ಯಜಿಸಿದರೆ ಪ್ರಾತಿನಿಧ್ಯವು ಕೊನೆಗೊಳ್ಳುತ್ತದೆ. ಆದರೆ ಅಧಿಕಾರವನ್ನು ಭಾಗಶಃ ಚಲಾಯಿಸಿದ ನಂತರ, ಅದಾಗಲೇ ನಡೆದ ಕಾರ್ಯಗಳಿಂದ ಉಂಟಾದ ಹೊಣೆಗಳ ಮಟ್ಟಿಗೆ ಅದನ್ನು ಹಿಂಪಡೆಯಲಾಗದು ಎಂದು 204ನೇ ಕಲಂ ಹೇಳುತ್ತದೆ. ಹೀಗಾಗಿ ಹಳೆಯ ವ್ಯವಸ್ಥಾಪಕನು ಕ್ರಮಬದ್ಧವಾಗಿ ಸಹಿ ಮಾಡಿಸಿದ ಜಾಹೀರಾತು ಒಪ್ಪಂದವು ಅವನು ಹೊರಹೋದ ಮಾತ್ರಕ್ಕೆ ರದ್ದಾಗುವುದಿಲ್ಲ.

## ನೋಟಿಸ್

ಪ್ರಾತಿನಿಧ್ಯವನ್ನು ಕೊನೆಗೊಳಿಸುವವರು ಸಮಂಜಸವಾದ ಪೂರ್ವಸೂಚನೆ ನೀಡಬೇಕೆಂದೂ, ನೀಡದಿದ್ದರೆ ಅದರಿಂದಾಗುವ ನಷ್ಟವನ್ನು ತುಂಬಿಕೊಡಬೇಕೆಂದೂ 206ನೇ ಕಲಂ ವಿಧಿಸುತ್ತದೆ. ಎಷ್ಟು ದಿನ ಎಂಬುದನ್ನು ಕಾಯ್ದೆ ಹೇಳುವುದಿಲ್ಲ. ಅದನ್ನು ಕರಾರಿನಲ್ಲಿಯೇ ನಮೂದಿಸುವುದು ರೂಢಿ. ನಿಗದಿತ ಅವಧಿಗೆ ಮಾಡಿಕೊಂಡ ಕರಾರನ್ನು ಸಾಕಷ್ಟು ಕಾರಣವಿಲ್ಲದೆ ಮೊದಲೇ ಮುರಿದರೆ 205ನೇ ಕಲಮಿನ ಅಡಿಯಲ್ಲಿ ಪರಿಹಾರ ಕೊಡಬೇಕಾಗುತ್ತದೆ. ಆದ್ದರಿಂದ ನೋಟಿಸ್ ನೀಡುವ ಮುನ್ನ ಮೊದಲು ನೋಡಬೇಕಾದದ್ದು, ಅವಧಿಗೆ ಮುನ್ನ ಹೊರಬರುವ ಹಕ್ಕನ್ನು ಕರಾರು ನೀಡಿದೆಯೇ ಎಂಬುದು. ಅನಂತರ ನೋಡಬೇಕಾದದ್ದು, ನಿಗದಿತ ದಿನದೊಳಗೆ ನಿರಾಕರಿಸದಿದ್ದರೆ ಕರಾರು ತಾನಾಗಿ ನವೀಕರಣಗೊಳ್ಳುತ್ತದೆಯೇ ಎಂಬುದು.

ನೋಟಿಸನ್ನು ವ್ಯವಸ್ಥಾಪಕನಿಗೆ ಮಾತ್ರ ತಲುಪಿಸಿದರೆ ಸಾಲದು. 208ನೇ ಕಲಮಿನ ಪ್ರಕಾರ, ಅಧಿಕಾರದ ಮುಕ್ತಾಯವು ಪ್ರತಿನಿಧಿಯ ಮಟ್ಟಿಗೆ ಅವನಿಗೆ ತಿಳಿದಾಗಲೂ, ಹೊರಗಿನವರ ಮಟ್ಟಿಗೆ ಅವರಿಗೆ ತಿಳಿದಾಗಲೂ ಜಾರಿಗೆ ಬರುತ್ತದೆ. ವಿಷಯ ತಿಳಿಯದ ಕಂಪನಿಯೊಂದು ಹಣ ಪಡೆಯುವ ಅಧಿಕಾರವಿದ್ದ ಹಳೆಯ ವ್ಯವಸ್ಥಾಪಕನ ಖಾತೆಗೆ ಹಣ ಜಮೆ ಮಾಡಿದರೆ, ಅದನ್ನು ಮತ್ತೆ ತನಗೆ ಪಾವತಿಸುವಂತೆ ಕ್ರೀಡಾಪಟು ಕಂಪನಿಯನ್ನು ಕೇಳುವುದು ಕಷ್ಟ. ಅವನು ಆ ಹಣವನ್ನು ವ್ಯವಸ್ಥಾಪಕನಿಂದಲೇ ವಸೂಲು ಮಾಡಿಕೊಳ್ಳಬೇಕಾಗುತ್ತದೆ. ಆದ ಕಾರಣ ಪ್ರಾಯೋಜಕರು, ನಿರ್ಮಾಪಕರು ಮತ್ತು ಕಾರ್ಯಕ್ರಮ ಆಯೋಜಕರಿಗೂ ಲಿಖಿತ ಸೂಚನೆಯನ್ನು ಕಳುಹಿಸಲಾಗುತ್ತದೆ.

## ಹಿಂದಿನ ವ್ಯವಹಾರಗಳ ಮೇಲಿನ ಕಮಿಷನ್

ವಿಶೇಷ ಷರತ್ತು ಇಲ್ಲದಿದ್ದರೆ, ವಹಿಸಿದ ಕಾರ್ಯ ಪೂರ್ಣಗೊಂಡಾಗ ಮಾತ್ರ ಪ್ರತಿನಿಧಿಯ ಪ್ರತಿಫಲ ಸಲ್ಲತಕ್ಕದ್ದಾಗುತ್ತದೆ (219ನೇ ಕಲಂ). ಹಲವು ವರ್ಷ ಕಂತುಗಳಲ್ಲಿ ಹಣ ಬರುವ ವ್ಯವಹಾರದಲ್ಲಿ ಕಾರ್ಯ ಪೂರ್ಣಗೊಳ್ಳುವುದು ಯಾವಾಗ ಎಂಬುದೇ ಪ್ರಶ್ನೆ. ಒಪ್ಪಂದಕ್ಕೆ ಸಹಿ ಬಿದ್ದಾಗಲೇ ತನ್ನ ಕೆಲಸ ಮುಗಿಯಿತೆಂದು ವ್ಯವಸ್ಥಾಪಕನು ವಾದಿಸುತ್ತಾನೆ. ಚಿತ್ರೀಕರಣದ ದಿನಾಂಕ ಹೊಂದಿಸುವುದು, ಬಾಕಿ ವಸೂಲು ಮಾಡುವುದು ಮುಂತಾದ ಕೆಲಸಗಳು ಉಳಿದಿವೆಯೆಂದು ಕಲಾವಿದನು ವಾದಿಸುತ್ತಾನೆ. ಎರಡೂ ವಾದಗಳಲ್ಲಿ ಹುರುಳಿರುವುದರಿಂದ, ಕರಾರು ಮುಗಿದ ಮೇಲೆ ಕಮಿಷನ್ ಹಂತಹಂತವಾಗಿ ಇಳಿದು ಒಂದು ದಿನ ಪೂರ್ತಿ ನಿಲ್ಲುವಂತೆ ಷರತ್ತು ಬರೆಯುವ ಪದ್ಧತಿ ಬೆಳೆದಿದೆ. ಇದನ್ನು ಸನ್‌ಸೆಟ್ ಷರತ್ತು ಎನ್ನುತ್ತಾರೆ.

ಒಂದು ಕಾಲ್ಪನಿಕ ಉದಾಹರಣೆಯಿಂದ ಇದರ ಲೆಕ್ಕ ಸ್ಪಷ್ಟವಾಗುತ್ತದೆ. ಓಟಗಾರ್ತಿಯೊಬ್ಬಳ ಕರಾರಿನಲ್ಲಿ ಕಮಿಷನ್ ಶೇ. 20, ನೋಟಿಸ್ ಅವಧಿ ಮೂರು ತಿಂಗಳು. ಮುಕ್ತಾಯದ ನಂತರದ ಮೊದಲ 12 ತಿಂಗಳು ಪೂರ್ಣ ಕಮಿಷನ್, ಮುಂದಿನ 12 ತಿಂಗಳು ಅರ್ಧ, ಅನಂತರ ಏನೂ ಇಲ್ಲ ಎಂಬುದು ಷರತ್ತು. ವ್ಯವಸ್ಥಾಪಕನು 2024ರ ಜೂನ್‌ನಲ್ಲಿ ಪಾದರಕ್ಷೆಯ ಕಂಪನಿಯೊಂದರ ಜೊತೆ ನಾಲ್ಕು ವರ್ಷಗಳ ಒಪ್ಪಂದ ಕುದುರಿಸಿದ್ದಾನೆ. ಪ್ರತಿ ಜೂನ್‌ನಲ್ಲಿ 30 ಲಕ್ಷ ರೂಪಾಯಿ ಬರುತ್ತದೆ. ನೋಟಿಸ್ ಅವಧಿ ಮುಗಿದು ಕರಾರು 2025ರ ಮಾರ್ಚ್ 31ರಂದು ಕೊನೆಗೊಳ್ಳುತ್ತದೆ. 2024ರ ಕಂತಿನ 6 ಲಕ್ಷ ಅವನಿಗೆ ಆಗಲೇ ಸಂದಿದೆ. 2025ರ ಜೂನ್ ಕಂತು ಮೊದಲ 12 ತಿಂಗಳೊಳಗೆ ಬರುವುದರಿಂದ ಮತ್ತೆ 6 ಲಕ್ಷ, 2026ರ ಕಂತಿಗೆ 3 ಲಕ್ಷ ಸಲ್ಲುತ್ತದೆ. 2027ರ ಕಂತು ಪೂರ್ತಿಯಾಗಿ ಅವಳದೇ. ಮುಕ್ತಾಯದ ನಂತರ ಅವಳು ಕೊಡಬೇಕಾದ ಒಟ್ಟು ಮೊತ್ತ 9 ಲಕ್ಷ. ಇಂಥ ಷರತ್ತಿಲ್ಲದೆ, ಅವಧಿಯಲ್ಲಿ ಕುದುರಿದ ವ್ಯವಹಾರಗಳ ಆದಾಯವೆಲ್ಲದರ ಮೇಲೂ ಕಮಿಷನ್ ಎಂದಷ್ಟೇ ಬರೆದಿದ್ದರೆ ಆ ಮೊತ್ತ 18 ಲಕ್ಷವಾಗುತ್ತಿತ್ತು.

ವಿವಾದಗಳು ಸಾಮಾನ್ಯವಾಗಿ ಅಂಚಿನಲ್ಲಿ ಏಳುತ್ತವೆ. ನೋಟಿಸ್ ಅವಧಿಯಲ್ಲಿ ಮಾತುಕತೆ ನಡೆದು, ಕರಾರು ಮುಗಿದ ಕೆಲವೇ ವಾರಗಳಲ್ಲಿ ಸಹಿಯಾದ ವ್ಯವಹಾರ ಯಾರದು ಎಂಬುದು ಒಂದು. ಮುಕ್ತಾಯದ ದಿನ ಮಾತುಕತೆಯಲ್ಲಿರುವ ಕಂಪನಿಗಳ ಪಟ್ಟಿಗೆ ಇಬ್ಬರೂ ಸಹಿ ಮಾಡುವುದು ಇದಕ್ಕೆ ಪರಿಹಾರ. ಹಳೆಯ ಒಪ್ಪಂದ ನವೀಕರಣಗೊಂಡರೆ ಅದು ಹಳೆಯದೋ ಹೊಸದೋ ಎಂಬುದು ಇನ್ನೊಂದು. ಹೊಸ ವ್ಯವಸ್ಥಾಪಕನೂ ಎಲ್ಲ ಆದಾಯದ ಮೇಲೆ ಶೇ. 20 ಕೇಳಿದರೆ, ಒಂದೇ ಕಂತಿನಿಂದ ಶೇ. 40 ಕಳೆದುಹೋಗುತ್ತದೆ. ಆದ್ದರಿಂದ ಹೊಸ ಕರಾರಿನಲ್ಲಿ ಹಳೆಯ ವ್ಯವಹಾರಗಳನ್ನು ಹೆಸರಿಸಿ ಹೊರಗಿಡುವುದುಂಟು. ವ್ಯವಸ್ಥಾಪಕನು ಯಾವುದಾದರೂ ವ್ಯವಹಾರದಲ್ಲಿ ದುರ್ವರ್ತನೆ ಎಸಗಿದ್ದರೆ, ಆ ಭಾಗದ ಪ್ರತಿಫಲಕ್ಕೆ ಅವನಿಗೆ ಹಕ್ಕಿಲ್ಲ (220ನೇ ಕಲಂ).

## ಜಹೀರ್ ಖಾನ್ ಪ್ರಕರಣ

ಹಿಂದಿನ ವ್ಯವಹಾರಗಳ ಮೇಲಿನ ಹಕ್ಕು ಮುಂದಿನ ವ್ಯವಹಾರಗಳಿಗೂ ಚಾಚಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಭಾರತದ ಸರ್ವೋಚ್ಚ ನ್ಯಾಯಾಲಯವು ಪರ್ಸೆಪ್ಟ್ ಡಿಮಾರ್ಕ್ ವಿರುದ್ಧ ಜಹೀರ್ ಖಾನ್ ಪ್ರಕರಣದಲ್ಲಿ ಉತ್ತರಿಸಿತು. ಕ್ರಿಕೆಟಿಗ ಜಹೀರ್ ಖಾನ್ 2000ದಲ್ಲಿ ಈ ಕಂಪನಿಯೊಂದಿಗೆ ಮೂರು ವರ್ಷಗಳ ಕರಾರು ಮಾಡಿಕೊಂಡಿದ್ದರು. ಅವಧಿ ಮುಗಿದ ಮೇಲೂ ಮೂರನೆಯವರಿಂದ ಬಂದ ಪ್ರಸ್ತಾಪವನ್ನು ಅವರು ಮೊದಲು ಕಂಪನಿಗೆ ತಿಳಿಸಿ, ಅದಕ್ಕೆ ಸಮನಾದ ಪ್ರಸ್ತಾಪ ನೀಡುವ ಅವಕಾಶವನ್ನು ಕೊಡಬೇಕೆಂಬ ಷರತ್ತು ಅದರಲ್ಲಿತ್ತು. 2003ರ ಅಕ್ಟೋಬರ್‌ನಲ್ಲಿ ಕರಾರು ಮುಗಿಯಿತು. ನವೀಕರಣ ಬೇಡವೆಂದ ಅವರು ಮರುತಿಂಗಳು ಬೇರೊಂದು ಕಂಪನಿಯೊಂದಿಗೆ ಕರಾರು ಮಾಡಿಕೊಂಡರು.

ಬಾಂಬೆ ಹೈಕೋರ್ಟಿನ ಏಕಸದಸ್ಯ ಪೀಠ ನೀಡಿದ ತಡೆಯಾಜ್ಞೆಯನ್ನು ಅದೇ ನ್ಯಾಯಾಲಯದ ವಿಭಾಗೀಯ ಪೀಠ ತೆರವುಗೊಳಿಸಿತು. ಕಂಪನಿಯ ಮೇಲ್ಮನವಿಯನ್ನು ಸರ್ವೋಚ್ಚ ನ್ಯಾಯಾಲಯವು 2006ರ ಮಾರ್ಚ್ 22ರಂದು ವಜಾಗೊಳಿಸಿತು. ಕರಾರಿನ ಅವಧಿಯ ಆಚೆಗೂ ಚಾಚಿಕೊಳ್ಳುವ ಇಂಥ ನಿರ್ಬಂಧವು ವೃತ್ತಿಯನ್ನು ತಡೆಯುವ ಕರಾರುಗಳನ್ನು ಅನೂರ್ಜಿತಗೊಳಿಸುವ 27ನೇ ಕಲಮಿಗೆ ಒಳಪಡುತ್ತದೆಂದು ಅದು ಹೇಳಿತು. ಪರಸ್ಪರ ವಿಶ್ವಾಸದ ಮೇಲೆ ನಿಂತ ಇಂಥ ಸೇವೆಯನ್ನು ಒಲ್ಲದ ಆಟಗಾರನ ಮೇಲೆ ಹೇರಲಾಗದೆಂಬುದನ್ನೂ ನ್ಯಾಯಾಲಯ ಪರಿಗಣಿಸಿತು.

ಈ ತೀರ್ಪಿನ ವ್ಯಾಪ್ತಿಗೆ ಮಿತಿಯಿದೆ. ಅದು ಮುಕ್ತಾಯದ ನಂತರ ಆಟಗಾರನ ಆಯ್ಕೆಯನ್ನು ಕಟ್ಟಿಹಾಕುವ ಷರತ್ತಿಗೆ ಸಂಬಂಧಿಸಿದ್ದು. ಅವಧಿಯೊಳಗೆ ಕುದುರಿಸಿದ ವ್ಯವಹಾರದ ಕಮಿಷನ್ ಅಲ್ಲಿನ ಪ್ರಶ್ನೆಯಾಗಿರಲಿಲ್ಲ. ಹಾಗಾಗಿ ಹೊರಬಂದ ಆಟಗಾರನು ಬೇರೆ ವ್ಯವಸ್ಥಾಪಕನನ್ನು ಆರಿಸಿಕೊಳ್ಳಬಹುದಾದರೂ, ಕರಾರಿನಂತೆ ಹಳೆಯವನಿಗೆ ಸಲ್ಲಬೇಕಾದ ಬಾಕಿಯಿಂದ ಅಷ್ಟಕ್ಕೇ ಬಿಡುಗಡೆ ಪಡೆಯುವುದಿಲ್ಲ.